ಆಸ್ಪತ್ರೆಯೊಂದರ ಅನುಮೋದಿತ ಪೂರೈಕೆದಾರರಾಗುವುದು ಹೇಗೆ?
ಸಣ್ಣ ಮುದ್ರಣಾಲಯಗಳಿಗೆ ದಾಖಲೆ ಮತ್ತು ದರದ ಮಾರ್ಗದರ್ಶಿ

ಜಿಲ್ಲಾ ಕೇಂದ್ರದ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಗೂ ಕೇಸ್ ಶೀಟ್, ಹೊರರೋಗಿ ಕಡತ, ಪ್ರಯೋಗಾಲಯದ ಕವರ್ ಮತ್ತು ರಿಜಿಸ್ಟರುಗಳು ವರ್ಷವಿಡೀ ಬೇಕಾಗುತ್ತವೆ. ಇವನ್ನು ಪ್ರತಿ ಬಾರಿಯೂ ಬೇರೆ ಬೇರೆ ಕಡೆ ವಿಚಾರಿಸಿ ತರಿಸುವ ಬದಲು, ಖರೀದಿ ವಿಭಾಗವು ಎರಡು ಮೂರು ಮುದ್ರಣಾಲಯಗಳನ್ನು ಆರಿಸಿ, ಒಂದು ವರ್ಷದ ದರ ಒಪ್ಪಂದ ಮಾಡಿಕೊಂಡು, ಅವರಿಗೆ ವೆಂಡರ್ ಕೋಡ್ ಕೊಡುತ್ತದೆ. ಈ ಪಟ್ಟಿಗೆ ಸೇರಿದ ಮಾತ್ರಕ್ಕೆ ಕೆಲಸ ಖಚಿತವಾಗುವುದಿಲ್ಲ. ಕೆಲಸ ಬರುವುದು ಪ್ರತ್ಯೇಕ ಪರ್ಚೇಸ್ ಆರ್ಡರ್ ಮೂಲಕ. ಆದರೆ ಪಟ್ಟಿಯಲ್ಲಿ ನಮೂದಿಸಿದ ದರಕ್ಕೆ ಪೂರೈಕೆದಾರರು ವರ್ಷಪೂರ್ತಿ ಬದ್ಧರಾಗಿರಬೇಕಾಗುತ್ತದೆ. ದರ ಬರೆಯುವಾಗ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮೊದಲ ಸಂಗತಿ ಇದು.

ದಾಖಲೆಗಳಲ್ಲಿ ಹೆಸರು ಹೊಂದಬೇಕು

ಮೊದಲು ಖರೀದಿ ವಿಭಾಗದಿಂದ ಪೂರೈಕೆದಾರರ ನೋಂದಣಿ ಅರ್ಜಿಯನ್ನು ಪಡೆಯಬೇಕು. ಅದರೊಂದಿಗೆ ಪ್ಯಾನ್ ಕಾರ್ಡ್, ಜಿಎಸ್‌ಟಿ ನೋಂದಣಿ ಪತ್ರ, ಉದ್ಯಮ್ ನೋಂದಣಿ ಪತ್ರ, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಇತ್ತೀಚಿನ ಆದಾಯ ತೆರಿಗೆ ರಿಟರ್ನ್‌ಗಳು ಮತ್ತು ರದ್ದುಗೊಳಿಸಿದ ಚೆಕ್ಕನ್ನು ಸಾಮಾನ್ಯವಾಗಿ ಕೇಳುತ್ತಾರೆ. ಈಗಾಗಲೇ ಬೇರೆ ಸಂಸ್ಥೆಗಳಿಗೆ ಮುದ್ರಿಸಿಕೊಟ್ಟ ಆರ್ಡರುಗಳ ಪ್ರತಿ ಹಾಗೂ ಯಂತ್ರಗಳ ಪಟ್ಟಿಯನ್ನು ಕೇಳದಿದ್ದರೂ ಸೇರಿಸುವುದು ಒಳ್ಳೆಯದು. ಉದ್ಯಮ್ ನೋಂದಣಿಯು ಸರ್ಕಾರದ ಜಾಲತಾಣದಲ್ಲಿ ಪೂರ್ಣ ಉಚಿತ. ಅದಕ್ಕೆ ಶುಲ್ಕ ಕೇಳುವವರು ಮಧ್ಯವರ್ತಿಗಳು.

ಅರ್ಜಿಗಳು ಹೆಚ್ಚಾಗಿ ತಿರಸ್ಕೃತವಾಗುವುದು ಯಾವುದೋ ಕಾಗದ ಇಲ್ಲವೆಂಬ ಕಾರಣಕ್ಕಲ್ಲ, ಕಾಗದಗಳಲ್ಲಿರುವ ಹೆಸರುಗಳು ಒಂದಕ್ಕೊಂದು ತಾಳೆಯಾಗದ ಕಾರಣಕ್ಕೆ. ಒಬ್ಬರೇ ಮಾಲೀಕರಿರುವ ಪ್ರೆಸ್‌ನಲ್ಲಿ ಪ್ಯಾನ್ ಮಾಲೀಕರ ಹೆಸರಿನಲ್ಲಿರುತ್ತದೆ, ಬ್ಯಾಂಕಿನ ಕರೆಂಟ್ ಖಾತೆ ಪ್ರೆಸ್ ಹೆಸರಿನಲ್ಲಿರುತ್ತದೆ. ಇವೆರಡನ್ನೂ ಬೆಸೆಯುವ ದಾಖಲೆ ಜಿಎಸ್‌ಟಿ ನೋಂದಣಿ ಪತ್ರ; ಅದರಲ್ಲಿ ಕಾನೂನಾತ್ಮಕ ಹೆಸರು ಮತ್ತು ವ್ಯಾಪಾರದ ಹೆಸರು ಎರಡೂ ಇರುತ್ತವೆ. ವ್ಯಾಪಾರದ ಹೆಸರಿನ ಜಾಗ ಖಾಲಿಯಿದ್ದರೆ ಅಥವಾ ಬ್ಯಾಂಕಿನಲ್ಲಿ ‘ಪ್ರಿಂಟರ್ಸ್’ ಎಂದೂ ಅಲ್ಲಿ ‘ಪ್ರಿಂಟಿಂಗ್ ಪ್ರೆಸ್’ ಎಂದೂ ಇದ್ದರೆ, ಅರ್ಜಿ ಕೊಡುವ ಮೊದಲೇ ತಿದ್ದುಪಡಿ ಮಾಡಿಸಿಕೊಳ್ಳಬೇಕು. ಚೆಕ್ಕಿನ ಮೇಲೆ ಖಾತೆದಾರರ ಹೆಸರು ಮುದ್ರಿತವಾಗಿರಲಿ. ಅನೇಕ ಸಂಸ್ಥೆಗಳು 1 ರೂಪಾಯಿ ಜಮಾ ಮಾಡಿ, ಬ್ಯಾಂಕು ತೋರಿಸುವ ಹೆಸರನ್ನು ಅರ್ಜಿಯ ಹೆಸರಿನೊಂದಿಗೆ ಹೋಲಿಸಿ ನೋಡುತ್ತವೆ.

ಮಾದರಿ ಮತ್ತು ಪರಿಶೀಲನೆ

ದಾಖಲೆಗಳು ಒಪ್ಪಿಗೆಯಾದ ಮೇಲೆ ಮಾದರಿ ಕೇಳುತ್ತಾರೆ, ಕೆಲವರು ಪ್ರೆಸ್‌ಗೇ ಬಂದು ನೋಡುತ್ತಾರೆ. 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದವೆಂದು ನಮೂದಿಸಿದ್ದರೆ ಅದನ್ನು ಪರೀಕ್ಷಿಸುವುದು ಸುಲಭ: ಮಾದರಿಯಿಂದ 10 ಸೆಂಟಿಮೀಟರ್ ಚೌಕದ ತುಂಡನ್ನು ಕತ್ತರಿಸಿ ಪ್ರಯೋಗಾಲಯದ ತಕ್ಕಡಿಯಲ್ಲಿಟ್ಟರೆ ಅದು 0.7 ಗ್ರಾಂ ತೂಗಬೇಕು. 0.6 ಗ್ರಾಂ ಬಂದರೆ ಅದು 60 ಜಿಎಸ್‌ಎಂ ಕಾಗದ. ಎರಡೂ ಬದಿ ಬರೆಯುವ ಕೇಸ್ ಶೀಟಿನಲ್ಲಿ ಇಂಥ ತೆಳು ಕಾಗದವಿದ್ದರೆ ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಮೂಡಿ, ಶುಶ್ರೂಷಕಿಯರು ಔಷಧದ ಪ್ರಮಾಣ ಓದಲು ಕಷ್ಟವಾಗುತ್ತದೆ. ಆದ್ದರಿಂದ ಮಾದರಿಗೆ ಬಳಸಿದ ಕಾಗದವನ್ನೇ ಪೂರೈಕೆಗೂ ಬಳಸಬೇಕು, ಕಾಗದದ ತೂಕವನ್ನು ಕೊಟೇಶನ್ನಿನಲ್ಲಿ ಬರೆದುಕೊಡಬೇಕು. ಹಾಗೆ ಬರೆದರೆ ತೆಳು ಕಾಗದದ ಮೇಲೆ ಕಡಿಮೆ ದರ ಹೇಳುವವರೊಂದಿಗೆ ನಿಮ್ಮ ದರವನ್ನು ಹೋಲಿಸುವಾಗ ವ್ಯತ್ಯಾಸದ ಕಾರಣ ಖರೀದಿ ಅಧಿಕಾರಿಗೆ ಕಾಣುತ್ತದೆ.

ದರ ಕಟ್ಟುವ ಬಗೆ

ಎ4 ಅಳತೆಯ, ಎರಡೂ ಬದಿ ಒಂದೇ ಬಣ್ಣದಲ್ಲಿ ಮುದ್ರಿಸಿದ ಕೇಸ್ ಶೀಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 70 ಜಿಎಸ್‌ಎಂನ 1,000 ಹಾಳೆಗಳ ತೂಕ 4.37 ಕೆ.ಜಿ. ಶೇ 5ರಷ್ಟು ಹಾಳಾಗುವ ಕಾಗದವನ್ನು ಸೇರಿಸಿದರೆ 4.59 ಕೆ.ಜಿ. ಆಗುತ್ತದೆ. ಜಿಎಸ್‌ಟಿ ಬಿಟ್ಟು ಕೆ.ಜಿ.ಗೆ 90 ರೂಪಾಯಿ ಎಂದಿಟ್ಟುಕೊಂಡರೆ ಕಾಗದಕ್ಕೇ 413 ರೂಪಾಯಿ. ಪ್ಲೇಟು, ಶಾಯಿ, ಯಂತ್ರದ ಕೂಲಿಗೆ 160, ಕತ್ತರಿಸಿ ಕಟ್ಟುವುದಕ್ಕೆ 27, ಆಸ್ಪತ್ರೆಯ ಉಗ್ರಾಣಕ್ಕೆ ತಲುಪಿಸಲು 25 ರೂಪಾಯಿ ಸೇರಿಸಿದರೆ 625 ರೂಪಾಯಿ. ಹಣ ಕೈಗೆ ಬರುವುದು ಎರಡು ತಿಂಗಳ ನಂತರ ಎಂದು ಲೆಕ್ಕ ಹಾಕಿ, ವಾರ್ಷಿಕ ಶೇ 12ರ ಬಡ್ಡಿಯಂತೆ 13 ರೂಪಾಯಿ ಕೂಡಿಸಬೇಕು. ಈ 638 ರೂಪಾಯಿಯ ಮೇಲೆ ಶೇ 12 ಲಾಭವಿಟ್ಟರೆ ದರ ಸುಮಾರು 715 ರೂಪಾಯಿ ಆಗುತ್ತದೆ. ಇಲ್ಲಿನ ಬೆಲೆಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ನಿಮ್ಮ ಊರಿನ ಕಾಗದದ ಅಂಗಡಿಯ ದರವನ್ನು ಹಾಕಿ ಲೆಕ್ಕ ಮಾಡಬೇಕು.

ಕಾಗದದ ಬೆಲೆ ಕೆ.ಜಿ.ಗೆ 8 ರೂಪಾಯಿ ಏರಿದರೆ ಇದೇ 1,000 ಹಾಳೆಗೆ 37 ರೂಪಾಯಿ ಹೆಚ್ಚು ಖರ್ಚಾಗುತ್ತದೆ, ಅಂದರೆ 77 ರೂಪಾಯಿಯ ಲಾಭದಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ. ದರ ಒಪ್ಪಂದಕ್ಕೆ ಸಹಿ ಹಾಕಿದವರು ಮಧ್ಯವರ್ಷದಲ್ಲಿ ತೊಂದರೆಗೆ ಸಿಲುಕುವುದು ಇಲ್ಲಿಯೇ. ಕಾಗದದ ಬೆಲೆ ಶೇ 5ಕ್ಕಿಂತ ಹೆಚ್ಚು ಏರಿದರೆ ಅಥವಾ ಇಳಿದರೆ, ಖರೀದಿ ಬಿಲ್ಲಿನ ಆಧಾರದ ಮೇಲೆ ಕಾಗದದ ಭಾಗವನ್ನಷ್ಟೇ ಪರಿಷ್ಕರಿಸತಕ್ಕದ್ದು ಎಂಬ ಷರತ್ತನ್ನು ಕೊಟೇಶನ್ನಿನಲ್ಲೇ ಸೇರಿಸಬೇಕು. ಇಳಿದಾಗಲೂ ಅನ್ವಯಿಸುತ್ತದೆ ಎಂದು ಬರೆದರೆ ಖರೀದಿ ವಿಭಾಗ ಅದನ್ನು ಒಪ್ಪುವ ಸಾಧ್ಯತೆ ಹೆಚ್ಚು. ಒಪ್ಪದಿದ್ದರೆ ವರ್ಷದ ಬದಲು ಆರು ತಿಂಗಳ ದರ ಕೊಡಬಹುದು. ಒಂದು ಆರ್ಡರಿನಲ್ಲಿ ಕನಿಷ್ಠ ಎಷ್ಟು ಹಾಳೆ ಇರಬೇಕೆಂಬುದನ್ನೂ ಬರೆಯಿರಿ; 20,000 ಹಾಳೆಗೆ ಹಂಚಿಹೋಗುವ ಪ್ಲೇಟಿನ ಖರ್ಚು 2,000 ಹಾಳೆಗೆ ಹಂಚಿದಾಗ ಲೆಕ್ಕವೇ ತಲೆಕೆಳಗಾಗುತ್ತದೆ.

ಜಿಎಸ್‌ಟಿಯ ವಿಚಾರದಲ್ಲಿ ಆಸ್ಪತ್ರೆಗೂ ಕಾರ್ಖಾನೆಗೂ ವ್ಯತ್ಯಾಸವಿದೆ. ಕಾರ್ಖಾನೆಗೆ ತಾನು ಕಟ್ಟಿದ ತೆರಿಗೆ ಹೂಡುವಳಿ ತೆರಿಗೆ ಜಮೆಯಾಗಿ ಮರಳುವುದರಿಂದ ಅದು ಮೂಲ ದರಗಳನ್ನು ಹೋಲಿಸುತ್ತದೆ. ಚಿಕಿತ್ಸಾ ಸೇವೆಗೆ ಬಹುಪಾಲು ಜಿಎಸ್‌ಟಿ ವಿನಾಯಿತಿ ಇರುವುದರಿಂದ ಆಸ್ಪತ್ರೆಗೆ ಆ ಜಮೆ ಸಿಗುವುದಿಲ್ಲ, ತೆರಿಗೆಯೂ ಅದಕ್ಕೆ ವೆಚ್ಚವೇ. ಹಾಗಾಗಿ ಅದು ತೆರಿಗೆ ಸೇರಿದ ಒಟ್ಟು ಮೊತ್ತವನ್ನು ನೋಡುತ್ತದೆ. ಮೂಲ ದರ, ತೆರಿಗೆ ಮತ್ತು ಒಟ್ಟು ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಬೇಕು. ಕಾರ್ಖಾನೆಗಳು ದೂರವಿಡುವ ಕಾಂಪೊಸಿಷನ್ ಯೋಜನೆಯ ಸಣ್ಣ ಪ್ರೆಸ್ ಇಲ್ಲಿ ಸ್ಪರ್ಧೆಯಲ್ಲಿ ಉಳಿಯಲು ಇದೇ ಕಾರಣ, ಆದರೆ ಅವರು ಕಾಗದದ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಮತ್ತು ವಹಿವಾಟಿನ ಮೇಲೆ ಕಟ್ಟುವ ತೆರಿಗೆಯನ್ನು ತಮ್ಮ ವೆಚ್ಚದಲ್ಲೇ ಸೇರಿಸಿಕೊಳ್ಳಬೇಕು.

ಪಾವತಿಯ ಷರತ್ತು

ಒಪ್ಪಂದದ ಕರಡಿನಲ್ಲಿ 60 ಅಥವಾ 90 ದಿನಗಳ ಪಾವತಿ ಅವಧಿ ಇರುವುದು ಸಾಮಾನ್ಯ. ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಅಥವಾ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು. ಲಿಖಿತ ಅವಧಿಯೇ ಇಲ್ಲದಿದ್ದರೆ 15 ದಿನ. ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಹಣ ಪಾವತಿಸುವ ವರ್ಷದವರೆಗೆ ಖರೀದಿದಾರರು ಆದಾಯ ತೆರಿಗೆಯಲ್ಲಿ ವೆಚ್ಚವೆಂದು ತೋರಿಸುವಂತಿಲ್ಲ ಎಂಬ ನಿಯಮವೂ 2023–24ರ ಆರ್ಥಿಕ ವರ್ಷದಿಂದ ಇದೆ. ಸಹಿ ಹಾಕುವ ಮೊದಲು ಲೆಕ್ಕಪತ್ರ ವಿಭಾಗದವರಿಗೆ ಉದ್ಯಮ್ ಪತ್ರದ ಪ್ರತಿ ಕೊಟ್ಟು, ‘ಸರ್, ನಾವು ಸೂಕ್ಷ್ಮ ಘಟಕ, 45 ದಿನ ಎಂದು ತಿದ್ದಿಕೊಡಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇಷ್ಟಾದರೂ ದರದ ಲೆಕ್ಕದಲ್ಲಿ ಎರಡು ತಿಂಗಳ ಬಡ್ಡಿಯನ್ನು ಉಳಿಸಿಕೊಳ್ಳುವುದೇ ಜಾಣತನ, ಏಕೆಂದರೆ ಬಿಲ್ಲು ವಾಪಸಾದರೆ ದಿನಗಳು ಕಳೆಯುತ್ತವೆ.

ಬಿಲ್ಲು ವಾಪಸಾಗುವುದಕ್ಕೆ ಕಾರಣ ಹೆಚ್ಚಿನ ವೇಳೆ ಚಿಕ್ಕದು. ಪರ್ಚೇಸ್ ಆರ್ಡರ್, ಉಗ್ರಾಣದವರು ಸಹಿ ಮಾಡಿದ ಡೆಲಿವರಿ ಚಲನ್ ಮತ್ತು ಇನ್‌ವಾಯ್ಸ್ ಈ ಮೂರರಲ್ಲೂ ವಸ್ತುವಿನ ವಿವರಣೆ, ಸಂಖ್ಯೆ, ದರ ಒಂದೇ ರೀತಿ ಇರಬೇಕು. 20,000 ಹಾಳೆಯ ಆರ್ಡರಿಗೆ 20,400 ಕಳಿಸಿ ಅಷ್ಟಕ್ಕೂ ಬಿಲ್ ಮಾಡಿದರೆ ಕಂಪ್ಯೂಟರ್ ಅದನ್ನು ಸ್ವೀಕರಿಸುವುದಿಲ್ಲ. ಫೋನಿನಲ್ಲಿ ಬಂದ ತುರ್ತು ಬೇಡಿಕೆಗೂ ಆರ್ಡರ್ ಸಂಖ್ಯೆ ಪಡೆದ ನಂತರವೇ ಪ್ಲೇಟು ಮಾಡಿಸಿ, ಆ ಸಂಖ್ಯೆಯನ್ನು ಚಲನ್ ಮೇಲೂ ಇನ್‌ವಾಯ್ಸ್ ಮೇಲೂ ಬರೆಯಿರಿ.