ಅನುಕಲನಕ್ಕೆ ಮೊದಲು ಭಾಗಾಕಾರ: ಚೌಕುಳಿ ಹಾಳೆಯ ನನ್ನ ಅನುಭವ

ಡೊಂಬಿವಲಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ ಹನ್ನೆರಡನೆಯ ತರಗತಿಯ ಮತ್ತು ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೆ ಗಣಿತ ಹೇಳಿಕೊಡುತ್ತ ಹದಿನಾಲ್ಕು ವರ್ಷವಾಗಿರಬಹುದು. ಅಂಶದ ಘಾತವು ಛೇದದ ಘಾತಕ್ಕೆ ಸಮನಾಗಿದ್ದರೆ ಅಥವಾ ಹೆಚ್ಚಾಗಿದ್ದರೆ, ಅನುಕಲನದ ಚಿಹ್ನೆಯನ್ನು ಮುಟ್ಟುವ ಮೊದಲು ಚೌಕುಳಿ ಹಾಳೆಯ ಮೇಲೆ ಪೂರ್ತಿ ಭಾಗಾಕಾರ ಮಾಡಿಯೇ ತೀರಬೇಕು ಎಂದು ನಾನು ಹಟ ಹಿಡಿದಾಗ, ಪಕ್ಕದ ಕ್ಲಾಸಿನ ನಮ್ಮ ಕರಾವಳಿಯ ಮಿತ್ರರು ನಕ್ಕಿದ್ದರು. "ಭಾಗಾಕಾರ ಮಾಡಿಸ್ತಾ ಕೂತ್ರೆ ಪೋರ್ಷನ್ ಮುಗಿಯುವುದು ಯಾವಾಗ ಮಾರಾಯ್ರೆ?" ಎಂಬುದು ಅವರ ಪ್ರಶ್ನೆಯಾಗಿತ್ತು. ಅಂಶಕ್ಕೆ ಏನನ್ನಾದರೂ ಕೂಡಿಸಿ, ಅದನ್ನೇ ಕಳೆದು, ಒಡೆದು ಬರೆದರೆ ಸಾಕೆಂಬುದು ಅವರ ಪಕ್ಷ.

ಅವರ ನಗುವಿಗೆ ಕಾರಣವಿರಲಿಲ್ಲವೆಂದಲ್ಲ. ಮೊದಲ ಎರಡು ವರ್ಷ ನನ್ನ ಮಕ್ಕಳು ಭಾಗಾಕಾರದಲ್ಲಿಯೇ ಮುಗ್ಗರಿಸಿದರು. ಒಬ್ಬ ಪಾಲಕರಂತೂ ಜನವರಿಯಲ್ಲಿ ಬಂದು ಅರ್ಧ ಫೀಸು, ಸುಮಾರು ಆರು ಸಾವಿರ ರೂಪಾಯಿ, ವಾಪಸು ಕೇಳಿ ತೆಗೆದುಕೊಂಡು ಹೋದರು. ಆ ಬ್ಯಾಚಿನ ಉತ್ತರಪತ್ರಿಕೆಗಳನ್ನು ಹರಡಿಕೊಂಡು ನೋಡಿದಾಗ, ತಪ್ಪುಗಳೆಲ್ಲ ಎರಡೇ ಜಾತಿಯವು ಎಂಬುದು ಕಂಡಿತು. ಎರಡನ್ನೂ ಒಂದೇ ಲೆಕ್ಕದಲ್ಲಿ ತೋರಿಸಬಹುದು.

ಅನುಕಲಿಸಬೇಕಾದದ್ದು `(2x³ + x)/(x² − x − 2)` ಎಂದಿರಲಿ. ಅಂಶದಲ್ಲಿ x² ಪದವೂ ಇಲ್ಲ, ಸ್ಥಿರ ಪದವೂ ಇಲ್ಲ. ನನ್ನ ಹಾಳೆಯಲ್ಲಿ ಒಂದೊಂದು ಘಾತಕ್ಕೂ ಒಂದೊಂದು ಕಂಬಸಾಲು ಇದ್ದು, ಇಲ್ಲದ ಪದದ ಮನೆಯಲ್ಲಿ ಸೊನ್ನೆ ಬರೆಯದೆ ಪೆನ್ನು ಮುಂದಕ್ಕೆ ಸರಿಯುವಂತಿಲ್ಲ.

```
              2x  + 2
x²−x−2 ) 2x³ + 0x² +  x + 0
         2x³ − 2x² − 4x
         ------------------
               2x² + 5x + 0
               2x² − 2x − 4
               ------------
                     7x + 4
```

ಭಾಗಲಬ್ಧ 2x + 2, ಶೇಷ 7x + 4. ಛೇದವು (x − 2)(x + 1) ಆದ್ದರಿಂದ ಶೇಷದ ಭಾಗವು 6/(x − 2) + 1/(x + 1) ಎಂದು ಒಡೆಯುತ್ತದೆ. ಉತ್ತರ `x² + 2x + 6 log|x−2| + log|x+1| + C`.

ಮೊದಲನೆಯ ಜಾತಿಯ ತಪ್ಪು, ಭಾಗಿಸದೆ ನೇರವಾಗಿ ಪಾರ್ಶಿಯಲ್ ಫ್ರ್ಯಾಕ್ಷನ್‌ಗೆ ಇಳಿಯುವುದು. ಹುಡುಗ ಮೂಲ ಅಂಶದಲ್ಲಿಯೇ x = 2 ಹಾಕುತ್ತಾನೆ, 18/3 ಎಂದು 6 ಬರುತ್ತದೆ; x = −1 ಹಾಕುತ್ತಾನೆ, (−3)/(−3) ಎಂದು 1 ಬರುತ್ತದೆ. ಎರಡೂ ಸರಿ! ಛೇದವು ಸೊನ್ನೆಯಾಗುವ ಆ ಬಿಂದುಗಳಲ್ಲಿ ಛೇದ ಮತ್ತು ಭಾಗಲಬ್ಧದ ಗುಣಲಬ್ಧವೂ ಸೊನ್ನೆಯಾಗುವುದರಿಂದ, ಅಲ್ಲಿ ಮೂಲ ಅಂಶ ಮತ್ತು ಶೇಷ ಇವೆರಡರ ಬೆಲೆ ಒಂದೇ. ಹೀಗಾಗಿ ಲಾಗ್ ಇರುವ ಎರಡೂ ಪದಗಳು ಚೊಕ್ಕವಾಗಿ ಬಂದು, x² + 2x ಮಾತ್ರ ಸದ್ದಿಲ್ಲದೆ ಕಾಣೆಯಾಗುತ್ತದೆ. ಅರ್ಧ ಉತ್ತರ ಸರಿಯಿದ್ದುದರಿಂದಲೇ ನನಗೂ ಈ ತಪ್ಪು ಬಹುಕಾಲ ಕಣ್ಣಿಗೆ ಬೀಳಲಿಲ್ಲ; ಹುಡುಗ ಗಡಿಬಿಡಿಯಲ್ಲಿ ಎರಡು ಪದ ಬಿಟ್ಟಿದ್ದಾನೆಂದು ಭಾವಿಸಿ ಅಂಕ ಕಳೆದು ಸುಮ್ಮನಾಗುತ್ತಿದ್ದೆ.

ಈಗ ಇದನ್ನೇ ಲಾಭಕ್ಕೆ ತಿರುಗಿಸಿಕೊಂಡಿದ್ದೇನೆ. ಛೇದದ ಅಪವರ್ತನಗಳು ಬೇರೆ ಬೇರೆಯಾದ ಸರಳ ರೇಖೀಯ ಪದಗಳಾಗಿದ್ದರೆ 6 ಮತ್ತು 1 ಅನ್ನು ಮೂಲ ಅಂಶದಿಂದಲೇ ತೆಗೆಸುತ್ತೇನೆ, ಶೇಷವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ: 6 + 1 = 7, ಶೇಷದಲ್ಲಿ x ನ ಗುಣಕವೂ 7. ಇವೆರಡು ಹೊಂದಲಿಲ್ಲವೆಂದರೆ ಭಾಗಾಕಾರ ಕೆಟ್ಟಿದೆ ಎಂದರ್ಥ. ಆದರೆ (x − 2)² ನಂತಹ ಅಪವರ್ತನ ಬಂದಲ್ಲಿ, ಅಥವಾ x² + 1 ನಂತಹದು ಬಂದಲ್ಲಿ, ಈ ಉಪಾಯವೊಂದೇ ಸಾಲದು. ಅಲ್ಲಿ ಶೇಷವನ್ನೇ ಹಿಡಿದು ನಡೆಯಬೇಕು.

ಎರಡನೆಯ ಜಾತಿಯ ತಪ್ಪು, ಸೊನ್ನೆ ಬರೆಯದಿರುವುದು. ಅಂಶವನ್ನು 2x³ + x ಎಂದಷ್ಟೇ ಬರೆದುಕೊಂಡ ಹುಡುಗಿ, ಕೆಳಗಿನ −2x² ಗೆ ಮೇಲೆ ಜೊತೆಗಾರನಿಲ್ಲದ್ದರಿಂದ ಅದನ್ನು ಬಿಟ್ಟು, x ನಿಂದ −4x ಕಳೆದು 5x ಶೇಷವೆಂದು ನಿಲ್ಲಿಸುತ್ತಾಳೆ. ಭಾಗಲಬ್ಧ ಬರಿಯ 2x. ಇಲ್ಲಿ ನಾನೇ ಮೋಸ ಹೋದ ಕಥೆಯಿದೆ. ಒಂದು ವರ್ಷ ಅಭ್ಯಾಸ ಪುಸ್ತಿಕೆಯ ಉತ್ತರಗಳನ್ನು ಹಳೆಯ ವಿದ್ಯಾರ್ಥಿಯೊಬ್ಬಳಿಂದ ಮಾಡಿಸಿ, ಪ್ರತಿಯೊಂದನ್ನೂ x = 0 ಹಾಕಿ ಪರೀಕ್ಷಿಸಿದೆ. ಈ ಲೆಕ್ಕದಲ್ಲಿ x = 0 ಎಂದರೆ ಮೂಲವೂ ಸೊನ್ನೆ, 2x + 5x/(x² − x − 2) ಎಂಬ ತಪ್ಪು ಉತ್ತರವೂ ಸೊನ್ನೆ. ಪಾಸಾಯಿತು, ಅಚ್ಚಿಗೆ ಹೋಯಿತು. ನೂರಿಪ್ಪತ್ತು ಪ್ರತಿ ಮತ್ತೆ ತೆಗೆಸುವುದಕ್ಕೆ ಎರಡು ಸಾವಿರದ ಹತ್ತಿರ ಖರ್ಚಾಯಿತು. x = 1 ಹಾಕಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು: ಮೂಲದ ಬೆಲೆ −1.5, ತಪ್ಪು ಉತ್ತರದ್ದು −0.5. ಅಂಶದಲ್ಲಿ ಸ್ಥಿರ ಪದವಿಲ್ಲದಿದ್ದಾಗ x = 0 ಯಿಂದ ಪರೀಕ್ಷಿಸುವುದನ್ನು ಅಂದಿನಿಂದ ಬಿಟ್ಟೆ.

ಮಿತ್ರರ ಕೂಡಿ-ಕಳೆಯುವ ದಾರಿಗೂ ನ್ಯಾಯ ಸಲ್ಲಿಸಬೇಕು. `x⁴/(x² + 1)` ಬಂದರೆ ನಾನೂ ಭಾಗಿಸುವುದಿಲ್ಲ. x⁴ − 1 + 1 ಎಂದು ಬರೆದರೆ x² − 1 + 1/(x² + 1) ಒಂದೇ ಸಾಲಿನಲ್ಲಿ ಸಿಗುತ್ತದೆ. ಆದರೆ ಮೇಲಿನ ಲೆಕ್ಕವನ್ನು ಹಾಗೆ ಮಾಡಹೋದರೆ ಎರಡು ಸಲ ಕೂಡಿ ಎರಡು ಸಲ ಕಳೆಯಬೇಕು, ಅಷ್ಟರಲ್ಲಿ ಚಿಹ್ನೆ ಕೆಟ್ಟಿರುತ್ತದೆ. ಒಮ್ಮೆ ಇಬ್ಬರ ಬ್ಯಾಚುಗಳಿಗೂ ಒಂದೇ ಐದು ಲೆಕ್ಕ ಕೊಟ್ಟು ನೋಡಿದೆವು. ಅವರ ಮಕ್ಕಳು ಮೂರು ನಾಲ್ಕು ನಿಮಿಷ ಮೊದಲೇ ಎದ್ದರು, ನನ್ನವರು ಹೆಚ್ಚು ಸರಿ ಮಾಡಿದರು. ಅಂದಾಜು ನೆನಪಿನಂತೆ ನನ್ನ ಇಪ್ಪತ್ತೆರಡರಲ್ಲಿ ಹದಿನೆಂಟು ಮಂದಿಗೆ ಐದೂ ಸರಿ. ಅವರ ಕಡೆ ಅರ್ಧಕ್ಕಿಂತ ತುಸು ಕಡಿಮೆ.

ಚೌಕುಳಿ ಹಾಳೆಯ ನಿಜವಾದ ಗತ್ತು ತಿಳಿದದ್ದು 2010ರ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಬಂದಿದ್ದ `x⁴(1 − x)⁴/(1 + x²)` ಅನ್ನು 0 ಯಿಂದ 1ರವರೆಗೆ ಅನುಕಲಿಸುವ ಪ್ರಶ್ನೆಯಲ್ಲಿ. ಅಂಶದ ಘಾತ 8. ಬಿಡಿಸಿದರೆ x⁴ ಕ್ಕೇ ನಿಲ್ಲುತ್ತದೆ, ಆದ್ದರಿಂದ ಕೊನೆಯ ನಾಲ್ಕು ಮನೆಗಳಿಗೂ ಸೊನ್ನೆ ಬೇಕು. ಛೇದವನ್ನೂ x² + 0x + 1 ಎಂದೇ ಬರೆಯಿಸುತ್ತೇನೆ. ಇಲ್ಲಿ ಭಾಗಲಬ್ಧದೊಳಗೇ ಸೊನ್ನೆಗಳು ಬರುತ್ತವೆ, ಮಕ್ಕಳು ಆ ಮನೆಯನ್ನು ಹಾರಿಸಿ ಮುಂದಿನ ಅಂಕಿಯನ್ನು ಅಲ್ಲಿ ಕೂರಿಸುವುದು ಇದರಲ್ಲಿಯೇ ಹೆಚ್ಚು.

```
x⁶ − 4x⁵ + 5x⁴ + 0x³ − 4x² + 0x + 4,   ಶೇಷ −4
```

ಅನುಕಲಿಸಿ ಮಿತಿಗಳನ್ನು ಹಾಕಿದರೆ 1/7 − 2/3 + 1 − 4/3 + 4 − π, ಅಂದರೆ 22/7 − π. ಭಾಗಾಕಾರದಲ್ಲಿ ಒಂದು ಮನೆ ತಪ್ಪಿದರೂ 22/7 ಬರುವುದಿಲ್ಲ, ಆದ್ದರಿಂದ ಇದಕ್ಕೆ ಬೇರೆ ತಾಳೆ ಬೇಕಾಗಿಲ್ಲ. ಈ ಶೇಷ −4 ಅನ್ನು ಭಾಗಿಸದೆಯೇ ಅರ್ಧ ನಿಮಿಷದಲ್ಲಿ ಹೇಳುವ ಒಂದು ದಾರಿಯಿದೆ, ಅದನ್ನು ನನ್ನ ಬ್ಯಾಚಿನವರಿಗೆ ಫೆಬ್ರುವರಿಯಲ್ಲಿ ಮಾತ್ರ ಹೇಳುತ್ತೇನೆ. ಹಾಳೆಯನ್ನು ಮಾತ್ರ ಯಾರು ಕೇಳಿದರೂ ಕೊಡುತ್ತೇನೆ. ಕಳೆದ ಜೂನ್‌ನಲ್ಲಿ ಆ ಕರಾವಳಿಯ ಮಿತ್ರರೇ ಬಂದು ಇನ್ನೂರು ಹಾಳೆ ಒಯ್ದರು, ಝೆರಾಕ್ಸಿನ ದುಡ್ಡು ಇನ್ನೂ ಬರಬೇಕಿದೆ.