ಬೆಳಿಗ್ಗೆ ಹಚ್ಚಿದ ಬಣ್ಣ ರಾತ್ರಿ ಹೋಗಬೇಕೆಂದರೆ ನೀರು ಕೊನೆಗೆ

ನವೆಂಬರ್ 1ಕ್ಕೆ ಮಗಳ ಕೂದಲಿಗೆ ಕೆಂಪು-ಹಳದಿ ಸ್ಪ್ರೇ ಹೊಡೆಸಿ ಶಾಲೆಗೆ ಕಳಿಸುತ್ತಾರೆ. ಸಂಜೆ ಬಂದವಳನ್ನು ನೇರ ಬಚ್ಚಲಿಗೆ ಕರೆದೊಯ್ದು ತಲೆಯ ಮೇಲೆ ಒಂದು ಚೊಂಬು ಬಿಸಿನೀರು ಸುರಿಯುತ್ತಾರೆ. ಎಡವಟ್ಟಾಗುವುದು ಅಲ್ಲೇ. ಗಟ್ಟಿಯಾಗಿ ಕೂತಿದ್ದ ಬಣ್ಣ ಅರೆಬರೆ ನೆನೆದು ಅಂಟಾಗುತ್ತದೆ, ಒಂದು ಕೂದಲು ಇನ್ನೊಂದಕ್ಕೆ ಹಿಡಿದುಕೊಳ್ಳುತ್ತದೆ, ಕೆಂಪು ನೀರು ಹಣೆ, ಕಿವಿ, ಕತ್ತಿನ ಮೇಲೆ ಇಳಿಯುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಸಿಕ್ಕು ಬಿಡುವುದಿಲ್ಲ. ಡಬ್ಬಿಯ ಮೇಲೆ ‘ಒಂದೇ ತೊಳೆತಕ್ಕೆ ಹೋಗುತ್ತದೆ’ ಎಂದಿರುತ್ತದೆ, ಸುಳ್ಳೂ ಅಲ್ಲ. ಆದರೆ ಆ ತೊಳೆತಕ್ಕೆ ಒಂದು ಕ್ರಮವಿದೆ. ಮೊದಲು ಒಣಗಿದ್ದಾಗಲೇ ಉದುರಿಸಬೇಕು, ನಂತರ ಎಣ್ಣೆ, ನಂತರ ಶಾಂಪೂ, ಎಲ್ಲದರ ಕೊನೆಗೆ ನೀರು.

ಯಾಕೆ ಹೀಗೆ ಎಂದು ತಿಳಿಯಲು ಆ ಡಬ್ಬಿಯೊಳಗೆ ಏನಿದೆ ಎಂದು ನೋಡಬೇಕು. ಸ್ಪ್ರೇಯಲ್ಲಿರುವುದು ಬಣ್ಣದ ನುಣ್ಣನೆಯ ಪುಡಿ, ಅದನ್ನು ಕೂದಲಿಗೆ ಅಂಟಿಸುವ ರಾಳದಂಥ ಪದಾರ್ಥ, ಬೇಗ ಆರುವ ಆಲ್ಕೋಹಾಲ್, ಹೊರಗೆ ಚಿಮ್ಮಿಸುವ ಗ್ಯಾಸ್. ಆಲ್ಕೋಹಾಲ್ ಆರಿದ ಮೇಲೆ ಪುಡಿಯನ್ನು ಹಿಡಿದುಕೊಂಡ ರಾಳ ಕೂದಲಿನ ಸುತ್ತ ತೆಳುವಾದ ಪೊರೆಯಾಗುತ್ತದೆ. ಪಾರ್ಲರಿನ ಡೈ ಕೂದಲೊಳಗೆ ಇಳಿಯುತ್ತದೆ, ಇದು ಇಳಿಯದೆ ಹೊರಗೇ ಕೂರುತ್ತದೆ. ಸ್ಪ್ರೇ ಬದಲು ಕೂದಲಿಗೆ ಉಜ್ಜುವ ಬಣ್ಣದ ಹೇರ್ ಚಾಕ್‌ನಲ್ಲಿ ಅಂಟು ಕಡಿಮೆ, ಪುಡಿ ಜಾಸ್ತಿ. ಬುಡದ ಬಿಳಿಕೂದಲು ಮುಚ್ಚುವ ರೂಟ್ ಪೌಡರಿನಲ್ಲಿ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನ ಬಣ್ಣ, ಅಭ್ರಕ, ಟಾಲ್ಕ್ ಇರುತ್ತವೆ. ಮುಖಕ್ಕೆ ಹಚ್ಚುವ ಕಾಂಪ್ಯಾಕ್ಟಿನ ಅಕ್ಕತಂಗಿ ಎನ್ನಬಹುದು.

ಹಚ್ಚುವ ಮೊದಲು

ಕೂದಲು ತೊಳೆದು ಪೂರ್ತಿ ಒಣಗಿರಬೇಕು. ಎಣ್ಣೆ ಹಚ್ಚಿದ ತಲೆಗೆ ಸ್ಪ್ರೇ ಕೂರುವುದಿಲ್ಲ, ಬಟ್ಟೆಗೆ ಹತ್ತುತ್ತದೆ. ಹಿಂದಿನ ದಿನ ಕಿವಿಯ ಹಿಂದಿನ ಒಂದು ಎಳೆಗೆ ಹಚ್ಚಿ, ಒಂದು ಗಂಟೆ ಬಿಟ್ಟು ತೊಳೆದು ನೋಡಿ. ಬಣ್ಣ ಉಳಿದರೆ ಆಗಲೇ ಗೊತ್ತಾಗುತ್ತದೆ.

ಮುಖ್ಯವಾಗಿ, ಯಾರ ತಲೆಗೆ ಹಚ್ಚಬಾರದು ಎಂಬುದು. ಬ್ಲೀಚ್ ಮಾಡಿಸಿದ, ಹೈಲೈಟ್ಸ್ ಹಾಕಿಸಿದ ಅಥವಾ ಹೊಸದಾಗಿ ಸ್ಟ್ರೇಟನಿಂಗ್ ಮಾಡಿಸಿದ ಕೂದಲಿಗೆ ಕೆಂಪು, ನೀಲಿ, ಹಸಿರು ಬೇಡ. ಕೂದಲಿನ ಹೊರಪದರ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಮಲಗಿರುತ್ತದೆ. ಬ್ಲೀಚಾದ ಕೂದಲಲ್ಲಿ ಅದು ಎದ್ದುಕೊಂಡಿರುವುದರಿಂದ ಬಣ್ಣ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಬೆಳ್ಳಗಾದ ಕೂದಲಲ್ಲಿ ಚೂರು ಉಳಿದರೂ ಎದ್ದು ಕಾಣುತ್ತದೆ. ಮೊಮ್ಮಗಳ ಒತ್ತಾಯಕ್ಕೆ ಅಜ್ಜಿಯ ತಲೆಗೂ ಒಂದು ಗೆರೆ ಕೆಂಪು ಎಳೆದರೆ ಗುಲಾಬಿ ಛಾಯೆ ವಾರವಿಡೀ ಇರಬಹುದು. ಉಬ್ಬಸ ಇರುವ ಮಕ್ಕಳಿಗೆ ಸ್ಪ್ರೇ ಬೇಡವೇ ಬೇಡ, ಚಾಕ್ ಸಾಕು.

ಚಾಕ್ ಬಣ್ಣ ಬಿಡುತ್ತದೆಯೇ ಎಂದು ನೋಡಲು ಚೂರು ಕೆರೆದು ಒಂದು ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಪುಡಿ ತಳಕ್ಕೆ ಕೂತು ಮೇಲಿನ ನೀರು ತಿಳಿಯಾದರೆ ಚಿಂತೆ ಕಡಿಮೆ. ತಿಳಿನೀರಿಗೇ ಬಣ್ಣ ಬಂದಿದ್ದರೆ ಅದರಲ್ಲಿ ಕರಗುವ ಡೈ ಇದೆ, ಕಲೆ ಬಿಡುವುದು ಅದೇ. ಚಿತ್ರ ಬಿಡಿಸುವ ಆಯಿಲ್ ಪೇಸ್ಟಲ್ಲು, ಬೋರ್ಡಿನ ಬಣ್ಣದ ಚಾಕ್‌ಪೀಸು ಅಗ್ಗವೆಂದು ತಲೆಗೆ ಉಜ್ಜುವವರಿದ್ದಾರೆ. ಅವನ್ನು ಮಾಡಿರುವುದು ಚರ್ಮಕ್ಕಲ್ಲ. ಪೇಸ್ಟಲ್ಲಿನ ಮೇಣವಂತೂ ಸುಲಭಕ್ಕೆ ಬಿಡುವುದಿಲ್ಲ.

ಕಪ್ಪು ಕೂದಲಿಗೆ ಕೆಂಪು-ಹಳದಿ

ಕೆಂಪು ನೇರವಾಗಿ ಹೊಡೆದರೂ ಕಪ್ಪಿನ ಮೇಲೆ ಹೇಗೋ ಕಾಣುತ್ತದೆ. ಹಳದಿ ಮಾತ್ರ ಕಪ್ಪಿನ ಮೇಲೆ ಕೂತರೆ ಪಾಚಿಯ ಹಸಿರಾಗುತ್ತದೆ. ಹಾಗಾಗಿ ಹಳದಿ ಬರಬೇಕಾದ ಕಡೆ ಮೊದಲು ಬಿಳಿ ಸ್ಪ್ರೇ ತೆಳುವಾಗಿ ಹೊಡೆದು, ಆರಿದ ಮೇಲೆ ಹಳದಿ ಹೊಡೆಯಿರಿ. ಬಿಳಿ ಇಲ್ಲದಿದ್ದರೆ ಹಳದಿಯ ಆಸೆ ಬಿಟ್ಟು ಹಳದಿ ರಿಬ್ಬನ್ ಕಟ್ಟಿ.

ಜಡೆ ಹೆಣೆದ ಮೇಲೆ ಬಣ್ಣ ಹಾಕುವುದೇ ಒಳ್ಳೆಯದು. ಸಡಿಲ ಕೂದಲಿಗೆ ಹಾಕಿ ಆಮೇಲೆ ಹೆಣೆದರೆ ಪೊರೆ ಒಡೆದು ಉದುರುತ್ತದೆ, ಬಣ್ಣವೆಲ್ಲ ಹೆಣೆಯುವವರ ಕೈಗೆ. ಡಬ್ಬಿಯನ್ನು ಒಂದು ನಿಮಿಷ ಚೆನ್ನಾಗಿ ಕುಲುಕಿ, ಕೂದಲಿಂದ ಒಂದು ಗೇಣು ದೂರ ಹಿಡಿದು ಎರಡೆರಡು ಸೆಕೆಂಡಿನಂತೆ ಬಿಟ್ಟು ಬಿಟ್ಟು ಹೊಡೆಯಿರಿ. ಎರಡು ತೆಳು ಪದರ ಸಾಕು, ನಡುವೆ ಎರಡು ನಿಮಿಷ ಬಿಡುವು. ಹತ್ತಿರದಿಂದ ಹೊಡೆದರೆ ಬಣ್ಣ ಹನಿಯಾಗಿ ಇಳಿದು ಗಂಟು ಕಟ್ಟುತ್ತದೆ, ತೊಳೆಯುವಾಗ ಕಣ್ಣೀರು ತರಿಸುವುದು ಆ ಗಂಟೇ. ಹೊಡೆಯುವುದು ಅಂಗಳದಲ್ಲಿ ಅಥವಾ ತಾರಸಿಯಲ್ಲಿ. ಹಣೆಗೆ ಅಡ್ಡಲಾಗಿ ರಟ್ಟು ಹಿಡಿದು, ಮಗು ಕಣ್ಣು ಮುಚ್ಚಿ ಉಸಿರು ಹಿಡಿದಿರಲಿ. ಬುರುಡೆಗೆ ತಾಗಿಸದೆ ಜಡೆಗಷ್ಟೇ ಹಾಕಿದರೆ ರಾತ್ರಿಯ ಅರ್ಧ ಕೆಲಸ ಉಳಿಯುತ್ತದೆ.

ಡಬ್ಬಿಯ ಗ್ಯಾಸೂ ಆಲ್ಕೋಹಾಲೂ ಬೆಂಕಿ ಹಿಡಿಯುವಂಥವು. ಒಲೆ, ದೀಪದ ಹತ್ತಿರ ಹೊಡೆಯಬೇಡಿ. ರಾಜ್ಯೋತ್ಸವ ಕೆಲವು ವರ್ಷ ದೀಪಾವಳಿಯ ಆಸುಪಾಸಿಗೇ ಬರುತ್ತದೆ. ಆ ತಲೆಯಲ್ಲೇ ಸುರುಸುರು ಬತ್ತಿ ಹಿಡಿಸಬೇಡಿ.

ಚಾಕ್ ಆದರೆ ಕಪ್ಪು ಕೂದಲಿನ ಎಳೆಯನ್ನು ಸ್ವಲ್ಪ ಒದ್ದೆ ಮಾಡಿ ಮೇಲಿಂದ ಕೆಳಗೆ ಎಳೆಯಿರಿ, ಒಣಗಲು ಬಿಡಿ. ಅದರ ಮೇಲೆ ಸ್ಟ್ರೇಟ್ನರ್ ಓಡಿಸಿದರೆ ಬಣ್ಣ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಹೌದು, ಅದಕ್ಕೇ ಬೇಡ.

ಬೈತಲೆಯ ಪೌಡರು

ಮದುವೆಮನೆಗೆ ಹೊರಡುವಾಗ ಬೈತಲೆಯಲ್ಲಿ ಬಿಳಿ ಕಂಡು ಗಾಬರಿಯಾಗಿ ಕಾಡಿಗೆ ಎಳೆದುಕೊಳ್ಳುವುದು ಹಳೆಯ ಉಪಾಯ. ಕಾಡಿಗೆಯಲ್ಲಿ ಎಣ್ಣೆ ಅಥವಾ ಮೇಣ ಇರುವುದರಿಂದ ಹೋಮದ ಬಿಸಿಗೆ ಕರಗಿ ಹಣೆಗಿಳಿಯುತ್ತದೆ. ಪೌಡರೇ ಸರಿ. ಬಣ್ಣ ಆರಿಸುವಾಗ ಕಡುಗಪ್ಪು ಬೇಡ, ಕಡುಕಂದು ತೆಗೆದುಕೊಳ್ಳಿ. ಕಪ್ಪು ಬುರುಡೆಗೂ ಹತ್ತಿ ಬೈತಲೆ ಗೆರೆ ಬರೆದಂತೆ ಕಾಣುತ್ತದೆ. ಮೆಹಂದಿ ಹಚ್ಚುವವರಿಗೆ ಕೆಂಪುಛಾಯೆಯ ಕಂದೇ ಹೊಂದುತ್ತದೆ.

ತಲೆ ಬಾಚಿ, ಸೆರಗು ಹೊದೆಯುವ ಮೊದಲೇ ಹೆಗಲಿಗೆ ಹಳೆ ಟವೆಲ್ ಹಾಕಿಕೊಳ್ಳಿ. ಬ್ರಶ್ಶಿಗೆ ಹತ್ತಿದ ಹೆಚ್ಚುವರಿ ಪುಡಿ ಕೊಡವಿ, ಉಜ್ಜದೆ ಒತ್ತಿ ಒತ್ತಿ ಕೂರಿಸಿ. ಆಮೇಲೆ ಬೈತಲೆಯ ಕುಂಕುಮ. ಕೊನೆಗೆ ಹೂವು, ಇಲ್ಲೊಂದು ಎಚ್ಚರ: ಮಲ್ಲಿಗೆ ದಂಡೆಗೆ ನೀರು ಚಿಮುಕಿಸಿ ಒದ್ದೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟಿರುತ್ತಾರೆ. ಹಾಗೇ ಮುಡಿದರೆ ಕಂದು ನೀರು ಕುಪ್ಪಸದ ಬೆನ್ನಿಗೆ ಇಳಿಯುತ್ತದೆ. ದಂಡೆಯನ್ನು ಕೊಡವಿ, ಹತ್ತು ನಿಮಿಷ ಒಣಬಟ್ಟೆಯ ಮೇಲಿಟ್ಟು ಮುಡಿಯಿರಿ. ಬೆವರುವ ತಲೆಯಾದರೆ ಪೌಡರಿನ ಮೇಲೆ ಬಣ್ಣವಿಲ್ಲದ ಹೇರ್ ಸ್ಪ್ರೇ ಒಂದು ಸಲ ಹೊಡೆದುಕೊಳ್ಳಬಹುದು.

ಈಗ ತೊಳೆಯುವುದು

ಎಷ್ಟು ಸುಸ್ತಾಗಿದ್ದರೂ ಅದೇ ರಾತ್ರಿ ತೊಳೆಯಿರಿ. ಗಟ್ಟಿ ಪೊರೆ ಇರುವ ಕೂದಲು ದಿಂಬಿಗೆ ಉಜ್ಜಿ ತುಂಡಾಗುತ್ತದೆ, ದಿಂಬಿನ ಕವರ್ ಹೋದದ್ದು ಬೇರೆ ಲೆಕ್ಕ.

ಸೊಂಟದುದ್ದದ ಕೆಂಪು-ಹಳದಿ ಜಡೆಯನ್ನೇ ಇಟ್ಟುಕೊಳ್ಳೋಣ. ಪಿನ್ನು, ರಬ್ಬರ್ ಬ್ಯಾಂಡ್ ಬಿಚ್ಚಿ. ಬಾಚಣಿಗೆ ಈಗಲೇ ಬೇಡ. ಜಡೆಯ ತುದಿಯಿಂದ ಶುರುಮಾಡಿ, ಹಪ್ಪಳ ಮುರಿಯುವ ಹಾಗೆ ಬೆರಳುಗಳ ನಡುವೆ ಕೂದಲನ್ನು ಹಿಸುಕುತ್ತ ಮೇಲೆ ಬನ್ನಿ. ಪೊರೆ ಚಿಟಚಿಟ ಎಂದು ಒಡೆದು ಪುಡಿಯಾಗಿ ಬೀಳುತ್ತದೆ. ಹೆಣಿಗೆ ಬಿಚ್ಚಿ, ಹೆಗಲ ಮೇಲೆ ಹಳೆ ಬಟ್ಟೆ ಹಾಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಡಿಸಿ. ಬಣ್ಣದ ಒಳ್ಳೆಯ ಪಾಲು ಇಲ್ಲೇ ಉದುರುತ್ತದೆ.

ನಂತರ ಎರಡು-ಮೂರು ದೊಡ್ಡ ಚಮಚ ಕೊಬ್ಬರಿ ಎಣ್ಣೆ, ಬಣ್ಣವಿರುವ ಕಡೆಗಷ್ಟೇ. ಎಣ್ಣೆ ಪುಡಿಯನ್ನು ನೆನೆಸಿ, ಪೊರೆಗೂ ಕೂದಲಿಗೂ ನಡುವೆ ಜಾರಿಕೆ ತರುತ್ತದೆ. ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ. ತೆಂಗಿನ ನಾರಿನಂತಿದ್ದ ಕೂದಲು ಮೆತ್ತಗಾಗಿ ಬೆರಳು ಸರಾಗ ಓಡಿದರೆ ಸರಿ. ಇನ್ನೂ ಒರಟಾಗಿದ್ದರೆ ಇನ್ನು ಹತ್ತು ನಿಮಿಷ. ಎಣ್ಣೆ ಬೇಡವೆನ್ನುವವರು ಕಂಡೀಷನರನ್ನು ಒಣ ಕೂದಲಿಗೇ ಧಾರಾಳವಾಗಿ ಬಳಿಯಬಹುದು.

ಈಗ ನೀರು ಹಾಕಬೇಕೆನಿಸುತ್ತದೆ. ತಾಳಿ. ಎಣ್ಣೆಯ ತಲೆಗೆ ನೀರು ಸುರಿದರೆ ಅದು ಜಾರಿ ಹೋಗುತ್ತದೆ, ಶಾಂಪೂ ನೊರೆ ಬರುವುದಿಲ್ಲ. ಅಂಗೈಯಲ್ಲಿ ಶಾಂಪೂವಿಗೆ ಎರಡು ಹನಿ ನೀರು ಬೆರೆಸಿ, ಆ ಎಣ್ಣೆ ಕೂದಲಿಗೇ ಮೇಲಿಂದ ಕೆಳಗೆ ಸವರಿ. ಎರಡು ನಿಮಿಷದಲ್ಲಿ ಎಣ್ಣೆ, ಬಣ್ಣ, ಶಾಂಪೂ ಸೇರಿ ಕೆಂಪು ಮಜ್ಜಿಗೆಯಂತಾಗುತ್ತವೆ. ಆಗ ಉಗುರುಬೆಚ್ಚಗಿನ ನೀರು, ಮಗುವಿನ ತಲೆಯನ್ನು ಹಿಂದಕ್ಕೆ ವಾಲಿಸಿ, ಮುಖಕ್ಕೆ ಬರದ ಹಾಗೆ. ಕೂದಲನ್ನು ತಲೆಯ ಮೇಲೆ ಗುಡ್ಡೆ ಮಾಡಿ ತಿಕ್ಕಬೇಡಿ, ಮತ್ತೆ ಸಿಕ್ಕಾಗುತ್ತದೆ.

ಎರಡನೇ ಸಲ ಶಾಂಪೂ ಹಾಕಿದಾಗ ನೊರೆಯ ಬಣ್ಣ ನೋಡಿ. ಬೆಳ್ಳಗಿದ್ದರೆ ಮುಗಿಯಿತು, ಗುಲಾಬಿಯಿದ್ದರೆ ಮೂರನೆಯದು. ಇದೇ ಕಾರಣಕ್ಕೆ ಈ ದಿನಕ್ಕೆ ಸೀಗೆಕಾಯಿ, ಕಡಲೆಹಿಟ್ಟು ಬೇಡ. ಸೀಗೆಯ ಕಂದು ನೀರಲ್ಲಿ ಬಣ್ಣ ಬಿಟ್ಟಿದೆಯೋ ಇಲ್ಲವೋ ತಿಳಿಯುವುದಿಲ್ಲ. ಹಿಟ್ಟು ಚಾಕ್ ಪುಡಿಯೊಂದಿಗೆ ಸೇರಿ ಬುರುಡೆಗೆ ಮೆತ್ತುತ್ತದೆ. ಕೆನೆಯಂಥ ಶಾಂಪೂಗಿಂತ ಆಚೆ ಬದಿ ಕಾಣುವ ಪಾರದರ್ಶಕ ಶಾಂಪೂ ವಾಸಿ. ಅಡುಗೆ ಸೋಡಾ, ನಿಂಬೆಹಣ್ಣು ತರಬೇಡಿ, ಕೂದಲು ಒರಟಾಗುವುದಷ್ಟೇ ಲಾಭ. ಕೊನೆಗೆ ಕಂಡೀಷನರ್ ಹಾಕಿ. ಚಾಕ್ ಕೂದಲಿನ ಜಿಡ್ಡನ್ನೆಲ್ಲ ಹೀರಿರುತ್ತದೆ.

ಬೈತಲೆಯ ಪೌಡರಿಗೆ ಇಷ್ಟು ಕಷ್ಟವಿಲ್ಲ. ಒಣ ಹತ್ತಿಯಿಂದ ಒರೆಸಿ, ಎರಡು ಸಲ ಶಾಂಪೂ. ಪೌಡರಿನ ಬದಲು ಬಿಳಿ ಮುಚ್ಚುವ ಮೇಣದ ಕಡ್ಡಿ ಬಳಸಿದ್ದರೆ ಮಾತ್ರ ಎಣ್ಣೆ ಅದ್ದಿದ ಹತ್ತಿ ಬೇಕು. ಹಣೆ, ಕಿವಿಯ ಕಲೆಗೂ ಅದೇ ಹತ್ತಿ. ಬಟ್ಟೆಯ ಮೇಲೆ ಬಿದ್ದ ಪುಡಿಯನ್ನು ಒದ್ದೆ ಕೈಯಲ್ಲಿ ಉಜ್ಜದೆ ಕೊಡವಿ. ರೇಷ್ಮೆಯಾದರೆ ಕೊಡವಿ ನೇರ ಡ್ರೈಕ್ಲೀನಿಂಗ್‌ಗೆ.

ತಲೆ ಒರೆಸಲು ಬಿಳಿ ಹಳೆ ಟವೆಲ್ ತೆಗೆದುಕೊಳ್ಳಿ. ಟವೆಲಿಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ತೊಳೆಯಬೇಕು. ಟವೆಲ್ ಬೆಳ್ಳಗಿದ್ದೂ ತುದಿ ಗುಲಾಬಿಯಾಗಿ ಉಳಿದಿದ್ದರೆ ಅದು ಒಳಗೆ ಇಳಿದ ಕಲೆ; ಆ ರಾತ್ರಿ ಉಜ್ಜಿ ಪ್ರಯೋಜನವಿಲ್ಲ. ಮುಂದಿನ ಎಣ್ಣೆಸ್ನಾನಗಳಲ್ಲಿ ಅದು ಮಾಸುತ್ತ ಹೋಗುತ್ತದೆ, ಬ್ಲೀಚ್ ಹಾಕಿ ತೆಗೆಯಲು ಹೋಗಬೇಡಿ.