ಬಾಡಿಗೆ ಏರಿದ್ದು ಶೇಕಡಾ ಎಷ್ಟು? ಲೆಕ್ಕ ಹಾಕುವುದು ಹೀಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಅವಧಿ ಮುಗಿಯಲು ತಿಂಗಳಿರುವಾಗ ಮಾಲೀಕರ ಕರೆ ಬರುತ್ತದೆ: ‘ಮುಂದಿನ ತಿಂಗಳಿನಿಂದ ಇಪ್ಪತ್ತು ಸಾವಿರದ ಏಳುನೂರು ಕೊಡಿ.’ ಈಗ ಕೊಡುತ್ತಿರುವುದು ಹದಿನೆಂಟು ಸಾವಿರ. ಕರಾರಿನಲ್ಲಿ ಇರುವುದು ‘ಶೇ 10 ಹೆಚ್ಚಳ’ ಎಂಬ ಒಂದು ಸಾಲು. ಮಾಲೀಕರು ಹೇಳುವುದು ರೂಪಾಯಿಯಲ್ಲಿ, ಕರಾರು ಹೇಳುವುದು ಶೇಕಡಾದಲ್ಲಿ. ಎರಡನ್ನೂ ಒಂದೇ ಅಳತೆಗೆ ತಂದುಕೊಳ್ಳದೆ ಒಪ್ಪುವುದೂ ಸರಿಯಲ್ಲ, ಜಗಳಕ್ಕೆ ನಿಲ್ಲುವುದೂ ಸರಿಯಲ್ಲ. ಇದೇ ಉದಾಹರಣೆಯನ್ನು ಹಿಡಿದು ಲೆಕ್ಕ ಮಾಡೋಣ.

ಮೊದಲು ಹಳೆಯ ಬಾಡಿಗೆಯನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ: 18,000. ಅದರ ಕೆಳಗೆ ಹೊಸದು: 20,700. ಹೊಸದರಿಂದ ಹಳೆಯದನ್ನು ಕಳೆಯಿರಿ. ಉಳಿಯುವುದು 2,700. ಇದು ತಿಂಗಳಿಗೆ ಏರಿದ ಹಣ. ಈ 2,700ನ್ನು ಹಳೆಯ ಬಾಡಿಗೆಯಾದ 18,000ದಿಂದ ಭಾಗಿಸಿದರೆ 0.15 ಬರುತ್ತದೆ. ಅದನ್ನು ನೂರರಿಂದ ಗುಣಿಸಿದರೆ 15. ಅಂದರೆ ಮಾಲೀಕರು ಕೇಳುತ್ತಿರುವುದು ಶೇ 15ರಷ್ಟು ಹೆಚ್ಚಳ.

```
(20700 - 18000) ÷ 18000 × 100 = 15
```

ಕಾಗದ, ಮೊಬೈಲ್ ಎರಡೂ ಕೈಯಲ್ಲಿಲ್ಲದಿದ್ದರೆ ಬಾಯಿಲೆಕ್ಕವೂ ಸಾಕು. ಹಳೆಯ ಬಾಡಿಗೆಯ ಕೊನೆಯ ಸೊನ್ನೆಯನ್ನು ತೆಗೆದರೆ ಅದರ ಶೇ 10 ಸಿಗುತ್ತದೆ: 1,800. ಅದರ ಅರ್ಧ ಶೇ 5: 900. ಎರಡನ್ನೂ ಕೂಡಿದರೆ 2,700, ಅಂದರೆ ಶೇ 15. ಫೋನಿನಲ್ಲಿ ಮಾತಾಡುತ್ತಿರುವಾಗಲೇ ಇಷ್ಟನ್ನು ಮಾಡಿಕೊಳ್ಳಬಹುದು. ‘ಕರಾರಿನಲ್ಲಿ ಹತ್ತು ಪರ್ಸೆಂಟ್ ಇದೆಯಲ್ಲ ಸಾರ್, ಹತ್ತೊಂಬತ್ತು ಸಾವಿರದ ಎಂಟುನೂರು ಆಗುತ್ತದೆ’ ಎಂದು ಆಗಲೇ ಹೇಳಿದರೆ ಮಾತು ಬೆಳೆಯುವುದಿಲ್ಲ. ಕೇಳಿದ ಮೊತ್ತಕ್ಕೂ ಕರಾರಿನ ಮೊತ್ತಕ್ಕೂ ಇರುವ ಅಂತರ ತಿಂಗಳಿಗೆ 900 ರೂಪಾಯಿ, ಹನ್ನೊಂದು ತಿಂಗಳಿಗೆ 9,900. ಅರ್ಧ ತಿಂಗಳ ಬಾಡಿಗೆಗಿಂತ ಹೆಚ್ಚು.

ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಒಂದು ಎಡವಟ್ಟು ಆಗುವುದುಂಟು. ಆವರಣ ಚಿಹ್ನೆ ಹಾಕದೆ 20700 - 18000 ÷ 18000 × 100 ಎಂದು ಒಂದೇ ಉಸಿರಿಗೆ ಒತ್ತಿದರೆ ಫೋನು 20,600 ಎಂದು ತೋರಿಸುತ್ತದೆ. ಅದು ಭಾಗಾಕಾರ, ಗುಣಾಕಾರವನ್ನು ಮೊದಲು ಮುಗಿಸಿ ಆಮೇಲೆ ಕಳೆಯುತ್ತದೆ. ಅಂಗಡಿಗಳಲ್ಲಿ ಇಟ್ಟುಕೊಳ್ಳುವ ಸಾದಾ ಕ್ಯಾಲ್ಕುಲೇಟರ್ ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತಾ ಹೋಗುವುದರಿಂದ ಅದರಲ್ಲಿ 15 ಎಂದೇ ಬರುತ್ತದೆ. ಆದ್ದರಿಂದ ಫೋನಿನಲ್ಲಿ ಕಳೆದ ಮೇಲೆ ಒಮ್ಮೆ ಸಮ ಚಿಹ್ನೆಯನ್ನು ಒತ್ತಿ, 2,700 ಕಂಡ ನಂತರ ಭಾಗಿಸಿ. ನನಗೆ ಇನ್ನೂ ಇಷ್ಟವಾದ ದಾರಿ ಬೇರೊಂದಿದೆ: ಕಳೆಯುವುದೇ ಬೇಡ, ಹೊಸ ಬಾಡಿಗೆಯನ್ನು ಹಳೆಯ ಬಾಡಿಗೆಯಿಂದ ನೇರವಾಗಿ ಭಾಗಿಸಿ. 20,700ನ್ನು 18,000ದಿಂದ ಭಾಗಿಸಿದರೆ 1.15. ಇದರಲ್ಲಿ 1 ಎಂದರೆ ಹಳೆಯ ಬಾಡಿಗೆ ಇಡಿಯಾಗಿ. ಚುಕ್ಕೆಯ ಆಚೆಗಿನ 15 ಏರಿಕೆ. ಇಲ್ಲಿ ಸೊನ್ನೆಯ ಮೇಲೆ ಮಾತ್ರ ಕಣ್ಣಿರಲಿ. 1.05 ಎಂದರೆ ಶೇ 5, 1.5 ಎಂದರೆ ಶೇ 50.

ಉತ್ತರ ಸರಿಯಿದೆಯೇ ಎಂದು ತಿಳಿಯಲು ತಿರುಗಿಸಿ ನೋಡಿ. 18,000ವನ್ನು 1.15ರಿಂದ ಗುಣಿಸಿದಾಗ 20,700 ಬಂದರೆ ಲೆಕ್ಕ ಸರಿ. ಬಾರದಿದ್ದರೆ ಹೆಚ್ಚಿನ ಪಾಲು ತಪ್ಪು ಒಂದೇ ಕಡೆ ಇರುತ್ತದೆ: ಯಾವ ಮೊತ್ತದಿಂದ ಭಾಗಿಸಬೇಕೋ ಅದರಿಂದ ಭಾಗಿಸಿರುವುದಿಲ್ಲ. ಶೇಕಡಾ ಎಂಬುದು ತಾನೇ ನಿಲ್ಲುವ ಸಂಖ್ಯೆಯಲ್ಲ, ಅದು ಯಾವುದರ ಶೇಕಡಾ ಎಂಬುದೇ ಮುಖ್ಯ. ಬಾಡಿಗೆಯ ವಿಷಯದಲ್ಲಿ ಬರುವ ತಕರಾರುಗಳೆಲ್ಲ ಬಹುಪಾಲು ಈ ‘ಯಾವುದರ’ ಎಂಬಲ್ಲೇ ಹುಟ್ಟುತ್ತವೆ.

2,700ನ್ನು ಹೊಸ ಬಾಡಿಗೆಯಾದ 20,700ರಿಂದ ಭಾಗಿಸಿದರೆ ಸುಮಾರು ಶೇ 13 ಬರುತ್ತದೆ. ಏರಿಕೆ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಏರಿದ್ದು ಹದಿನೆಂಟು ಸಾವಿರದಿಂದ, ಆದ್ದರಿಂದ ಭಾಗಿಸಬೇಕಾದದ್ದೂ ಅದರಿಂದಲೇ. ಇದೇ ಕಾರಣಕ್ಕೆ ಶೇ 15 ಏರಿದ ಬಾಡಿಗೆಯನ್ನು ಮತ್ತೆ ಶೇ 15 ಇಳಿಸಿದರೆ ಮೊದಲಿನ ಮೊತ್ತಕ್ಕೆ ಬಂದು ನಿಲ್ಲುವುದಿಲ್ಲ. 20,700ರಲ್ಲಿ ಶೇ 15 ಎಂದರೆ 3,105, ಅದನ್ನು ಕಳೆದರೆ 17,595 ಆಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೊಂದನ್ನು ಗಮನಿಸಬೇಕು. ಬಾಡಿಗೆ 18,000, ಮೇಂಟೆನೆನ್ಸ್ 2,000 ಎಂದಿಟ್ಟುಕೊಳ್ಳಿ. ಪ್ರತಿ ತಿಂಗಳು 20,000 ಒಟ್ಟಿಗೇ ಮಾಲೀಕರ ಖಾತೆಗೆ ಹೋಗುತ್ತಿರುತ್ತದೆ. ಏರಿಸುವ ಹೊತ್ತಿಗೆ ಇಬ್ಬರಿಗೂ ನೆನಪಿರುವುದು ಆ ಇಪ್ಪತ್ತು ಸಾವಿರವೇ. ಅದರ ಶೇ 10 ಎಂದರೆ 2,000, ಒಟ್ಟು 22,000 ಎಂದು ಲೆಕ್ಕ ಮುಗಿದುಹೋಗುತ್ತದೆ. ಆದರೆ ಕರಾರಿನ ಮಾತು ಬಾಡಿಗೆಯ ಮೇಲಿನ ಶೇ 10 ಎಂದಿದ್ದರೆ ಬಾಡಿಗೆ 19,800, ಅದಕ್ಕೆ ಮೇಂಟೆನೆನ್ಸ್ 2,000 ಸೇರಿ 21,800. ಮೇಂಟೆನೆನ್ಸ್ ಏರಿಸುವುದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ; ಅದು ಏರಿಸಿದಾಗ ಏರಿದಷ್ಟನ್ನು ಪ್ರತ್ಯೇಕವಾಗಿ ಕೊಟ್ಟರಾಯಿತು. ನೀರಿನ ಶುಲ್ಕವನ್ನು ಬಾಡಿಗೆಯ ಜೊತೆಗೇ ಕೊಡುವ ಮನೆಗಳಿಗೂ ಇದೇ ಮಾತು ಅನ್ವಯ. ಅಡ್ವಾನ್ಸ್ ಹೆಚ್ಚಿಸಿ ಎಂದು ಕೇಳಿದರೆ ಅದನ್ನೂ ಈ ಲೆಕ್ಕದಿಂದ ಹೊರಗಿಡಿ. ಅದು ವಾಪಸು ಬರಬೇಕಾದ ಹಣ, ಬಾಡಿಗೆಯಲ್ಲ.

ಮೊತ್ತವನ್ನು ‘ರೌಂಡ್ ಫಿಗರ್’ ಮಾಡುವ ರೂಢಿ ನೋಡಲು ನಿರುಪದ್ರವಿ. 13,500 ರೂಪಾಯಿ ಬಾಡಿಗೆಗೆ ಶೇ 10 ಸೇರಿದರೆ 14,850. ‘ಹದಿನೈದು ಸಾವಿರವೇ ಮಾಡಿಬಿಡೋಣ’ ಎಂದಾಗ ಯಾರೂ ಇಲ್ಲವೆನ್ನುವುದಿಲ್ಲ. ಆದರೆ 1,500ನ್ನು 13,500ರಿಂದ ಭಾಗಿಸಿ ನೋಡಿದರೆ ಏರಿಕೆ ಶೇ 11.1 ಆಗಿರುತ್ತದೆ. ಮುಂದಿನ ಸಲದ ಏರಿಕೆಯೂ ಈ ಹದಿನೈದು ಸಾವಿರದ ಮೇಲೆಯೇ ಬೀಳುತ್ತದೆ. ಒಪ್ಪಬಾರದು ಎಂದೇನಲ್ಲ, ಎಷ್ಟು ಒಪ್ಪುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಒಂದೇ ಮನೆಯಲ್ಲಿ ಮೂರ್ನಾಲ್ಕು ಕರಾರು ದಾಟಿದವರಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಪ್ರತಿ ಸಲ ಶೇ 10ರಂತೆ ಮೂರು ಸಲ ಏರಿದರೆ ಒಟ್ಟು ಶೇ 30 ತಾನೇ? ಅಲ್ಲ. 18,000 ಮೊದಲ ಸಲ 19,800 ಆಗುತ್ತದೆ. ಎರಡನೆಯ ಸಲದ ಶೇ 10 ಲೆಕ್ಕವಾಗುವುದು 19,800ರ ಮೇಲೆ, ಆಗ 21,780. ಮೂರನೆಯ ಸಲ 23,958. ಮೊದಲ ಬಾಡಿಗೆಗೆ ಹೋಲಿಸಿದರೆ ಏರಿದ್ದು 5,958, ಅಂದರೆ ಶೇ 33.1. ಪ್ರತಿ ಸಲವೂ ಮೊದಲ ಬಾಡಿಗೆಯಾದ 18,000ದ ಮೇಲೆಯೇ ಶೇ 10, ಅಂದರೆ 1,800 ಸೇರಿಸುತ್ತಾ ಹೋಗಿದ್ದರೆ 23,400ಕ್ಕೆ ನಿಲ್ಲುತ್ತಿತ್ತು. ಕರಾರಿನಲ್ಲಿ ‘ಹಾಲಿ ಬಾಡಿಗೆಯ ಮೇಲೆ’ ಎಂದಿದ್ದರೆ ಮೊದಲ ಲೆಕ್ಕ, ‘ಮೂಲ ಬಾಡಿಗೆಯ ಮೇಲೆ’ ಎಂದಿದ್ದರೆ ಎರಡನೆಯದು. ರೂಢಿಯಲ್ಲಿ ಇರುವುದು ಮೊದಲನೆಯದೇ.

ಮಾಲೀಕರ ಪರವಾಗಿಯೂ ಇದೇ ಲೆಕ್ಕ ಮಾತಾಡಬಲ್ಲದು. ಕಳೆದ ಅವಧಿ ಮುಗಿದಾಗ ಅವರು ಏನೂ ಏರಿಸಿರಲಿಲ್ಲ, ಎರಡು ಅವಧಿಗೆ ಸೇರಿಸಿ ಈಗ ಒಮ್ಮೆಗೇ 20,700 ಕೇಳುತ್ತಿದ್ದಾರೆ ಎಂದಾದರೆ ಶೇ 15 ಎನ್ನುವುದು ಎರಡು ಅವಧಿಯ ಏರಿಕೆ. ಒಂದು ಅವಧಿಗೆ ಎಷ್ಟಾಯಿತು ಎಂದು ತಿಳಿಯಲು 1.15ರ ವರ್ಗಮೂಲ ತೆಗೆಯಬೇಕು. ಹಲವು ಫೋನುಗಳಲ್ಲಿ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ √ ಗುಂಡಿ ಕಾಣುತ್ತದೆ. ಉತ್ತರ ಸುಮಾರು 1.0724, ಅಂದರೆ ಅವಧಿಗೆ ಶೇ 7.24. ಶೇ 10ರ ಕರಾರಿಗಿಂತ ಇದು ಕಡಿಮೆಯೇ. ಮಧ್ಯದ ತಿಂಗಳುಗಳಲ್ಲಿ ಹಳೆಯ ಬಾಡಿಗೆಯಲ್ಲೇ ಇದ್ದ ಲಾಭ ಬೇರೆ. ಇಂಥ ಕಡೆ 20,700 ಅನ್ಯಾಯದ ಕೇಳಿಕೆಯಲ್ಲ ಎಂದೇ ನಾನು ಹೇಳುತ್ತೇನೆ.

ಇನ್ನು ಆ ಹನ್ನೊಂದು ತಿಂಗಳ ವಿಷಯ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದೇ ಹನ್ನೊಂದು ತಿಂಗಳಿಗೆ ಬರೆಯುವ ಪದ್ಧತಿ ಬೆಳೆದಿದೆ. ಎಲ್ಲರೂ ಅದನ್ನು ‘ವರ್ಷಕ್ಕೆ ಹತ್ತು ಪರ್ಸೆಂಟ್’ ಎಂದೇ ಕರೆಯುತ್ತಾರೆ. ನಿಜಕ್ಕೂ ಅದು ಹನ್ನೊಂದು ತಿಂಗಳಿಗೆ ಹತ್ತು. ಪ್ರತಿ ಏರಿಕೆಯೂ ಹಿಂದಿನದಕ್ಕಿಂತ ಒಂದು ತಿಂಗಳು ಬೇಗ ಬರುತ್ತದೆ. ವರ್ಷದ ಲೆಕ್ಕಕ್ಕೆ ತಂದರೆ ಇದು ಸುಮಾರು ಶೇ 11 ಆಗುತ್ತದೆ. ಐದು ವರ್ಷ ಅದೇ ಮನೆಯಲ್ಲಿ ಉಳಿದವರು 12, 23, 34, 45 ಮತ್ತು 56ನೆಯ ತಿಂಗಳಲ್ಲಿ, ಒಟ್ಟು ಐದು ಸಲ ಏರಿಕೆ ಕಂಡಿರುತ್ತಾರೆ. ಹನ್ನೆರಡು ತಿಂಗಳಿಗೊಮ್ಮೆ ಏರಿದ್ದರೆ ಅಷ್ಟೇ ಕಾಲದಲ್ಲಿ ನಾಲ್ಕು ಸಲ ಮಾತ್ರ ಏರುತ್ತಿತ್ತು. ಸಂಬಳ ವರ್ಷಕ್ಕೊಮ್ಮೆ ಶೇ 10 ಏರುವವರು ಬಾಡಿಗೆಯೂ ಅಷ್ಟೇ ಏರುತ್ತಿದೆ ಎಂದುಕೊಂಡಿದ್ದರೆ, ಎರಡೂ ಒಂದೇ ವೇಗದಲ್ಲಿ ಓಡುತ್ತಿಲ್ಲ ಎಂಬುದನ್ನು ಗಮನಿಸಬೇಕು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಬರೆದರೂ ಏರಿಕೆ ಹನ್ನೆರಡು ತಿಂಗಳಿಗೊಮ್ಮೆ ಇರಲಿ ಎಂದು ಕೇಳಲು ಅಡ್ಡಿಯಿಲ್ಲ. ಒಪ್ಪುವ ಮಾಲೀಕರೂ ಇದ್ದಾರೆ.

ಕರಾರು ನವೀಕರಿಸುವಾಗ ‘ಶೇ 10 ಹೆಚ್ಚಳ’ ಎಂದಷ್ಟೇ ಟೈಪ್ ಮಾಡಿಸಿ ಬಿಡಬೇಡಿ. ಮುಂದಿನ ಬಾಡಿಗೆ ಎಷ್ಟಾಗುತ್ತದೆ ಎಂಬುದನ್ನು ಅಲ್ಲೇ ಲೆಕ್ಕ ಮಾಡಿ ರೂಪಾಯಿಯಲ್ಲೂ ಸೇರಿಸಿ: ‘ಹಾಲಿ ಮಾಸಿಕ ಬಾಡಿಗೆ ರೂ. 19,800. ನಿರ್ವಹಣಾ ಶುಲ್ಕ ಇದರಲ್ಲಿ ಸೇರಿಲ್ಲ. ಕರಾರು ನವೀಕರಣಗೊಂಡಲ್ಲಿ ಬಾಡಿಗೆಯು ಶೇ 10ರಷ್ಟು, ಅಂದರೆ ರೂ. 1,980 ಹೆಚ್ಚಿ, ರೂ. 21,780 ಆಗತಕ್ಕದ್ದು.’ ಯಾವ ತಿಂಗಳಿನಿಂದ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಸಿ, ಆಮೇಲೆ ಸಹಿ ಮಾಡಿ.